ಖರೀದಿಯೇ ಇಲ್ಲದ ಮಾರಾಟ

ಮೇಘಶ್ರೀಯ ಸಿಎ ತರಬೇತಿ, ಆರ್ಟಿಕಲ್‌ಶಿಪ್, ಜುಲೈ ತಿಂಗಳ ಮೊದಲ ಶುಕ್ರವಾರ ಮುಗಿಯಿತು. ಚನ್ನಗಿರಿಯಲ್ಲಿ ಆಡಿಟರ್ ಪಂಚಾಕ್ಷರಪ್ಪನವರ ಆಫೀಸಿಗೆ ಎರಡು ವರ್ಷ ತ್ಯಾವಣಿಗೆಯಿಂದ ದಿನಾ ಬಸ್ಸಿನಲ್ಲಿ ಓಡಾಡಿದ್ದಳು. ತರಬೇತಿ ಮುಗಿದ ಫಾರಂಗೆ ಸಹಿ ಹಾಕಿದ ಪಂಚಾಕ್ಷರಪ್ಪ ಪೆನ್ನಿನ ಕ್ಯಾಪು ಮುಚ್ಚಿದರು. ಸಿಎ ಫೈನಲ್ ಪರೀಕ್ಷೆಗೆ ಆರು ತಿಂಗಳು ಓದಲು ಬಿಡುವಿದೆ, ಜನವರಿಯಲ್ಲಿ ಬರೆಯಬೇಕು. ಓದುತ್ತಲೇ ಇಲ್ಲಿ ಅರ್ಧ ದಿನ ಕೆಲಸ ಮಾಡಿದರೆ ಸಂಬಳ ಕೊಡುತ್ತೇನೆ ಎಂದರು. ಅವರು ಹಾಗೆ ಎಲ್ಲರಿಗೂ ಹೇಳುವವರಲ್ಲ.

ಅವಳು ಸ್ವಲ್ಪ ದಿನ ಸಮಯ ಕೇಳಿದಳು. ಕೆಲಸ ಬೇಡವೆಂದಲ್ಲ. ಎರಡು ವರ್ಷದಲ್ಲಿ ಅವಳು ಕಂಡದ್ದು ಒಂದೇ ಆಫೀಸು, ಒಂದೇ ಬಗೆಯ ಕಡತ. ಕಾಮರ್ಸ್ ಓದಿದವರು ಉಳಿದ ಕಡೆ ಏನು ಮಾಡುತ್ತಾರೆ ಎಂದು ನೋಡುವ ಆಸೆ ಅವಳಿಗೆ ಬಹಳ ದಿನದಿಂದ ಇತ್ತು.

ಆ ಭಾನುವಾರವೇ ಚನ್ನಗಿರಿಯ ಒಂದು ಕಾಲೇಜಿನಲ್ಲಿ ವಾಣಿಜ್ಯ ಪದವೀಧರರಿಗಾಗಿ ಉದ್ಯೋಗ ಮಾಹಿತಿ ಶಿಬಿರವಿತ್ತು. ಹೊನ್ನಾಳಿ, ನ್ಯಾಮತಿ, ಜಗಳೂರಿನಿಂದಲೂ ಹುಡುಗರು ಹುಡುಗಿಯರು ಬಂದಿದ್ದರು. ಅವಳ ಪಕ್ಕದ ಕುರ್ಚಿಯಲ್ಲಿ ಗೋವಿನಕೋವಿಯ ಓಂಕಾರ್ ಕೂತಿದ್ದ. ಬಿ.ಕಾಂ. ಮುಗಿಸಿ ಎರಡು ವರ್ಷವಾಗಿತ್ತು, ಟ್ಯಾಲಿ ಕಲಿತಿದ್ದ, ಬ್ಯಾಂಕ್ ಪರೀಕ್ಷೆ ಮೂರು ಸಲ ಬರೆದಿದ್ದ. ಇಂಥ ಶಿಬಿರ ತನಗೆ ಐದನೆಯದು ಎಂದು ಅವನೇ ಹೇಳಿಕೊಂಡ.

ಮೇಘಶ್ರೀ ಪ್ರತಿ ಮೇಜಿಗೂ ಹೋಗಿ ಒಂದೇ ಪ್ರಶ್ನೆ ಕೇಳಿದಳು: ಸೋಮವಾರ ಬೆಳಿಗ್ಗೆ ಬಂದು ಕೂತರೆ ನಿಮ್ಮಲ್ಲಿ ಮೊದಲು ಮಾಡುವ ಕೆಲಸ ಯಾವುದು? ಆಡಿಟ್ ಸಂಸ್ಥೆಯಿಂದ ಬಂದಿದ್ದವರು ನಕ್ಕು, ಸೋಮವಾರ ನಮ್ಮವರು ಆಫೀಸಿನಲ್ಲೇ ಇರುವುದಿಲ್ಲ, ಯಾವುದೋ ಊರಿನ ಕಾರ್ಖಾನೆಯ ಗೋದಾಮಿನಲ್ಲಿ ದಾಸ್ತಾನು ಎಣಿಸುತ್ತಿರುತ್ತಾರೆ, ಏಪ್ರಿಲ್ ಬಂತೆಂದರೆ ಬ್ಯಾಂಕ್ ಶಾಖೆಗಳಲ್ಲಿ ಎಂದರು. ತೆರಿಗೆ ಸಲಹೆಗಾರರ ಮೇಜಿನವರು ತಿಂಗಳ ತಾರೀಖಿನ ಮೇಲೆ ತಮ್ಮ ವಾರ ನಿಂತಿದೆ ಎಂದು ವಿವರಿಸಿದರು. ಹನ್ನೊಂದಕ್ಕೆ ಮಾರಾಟದ ರಿಟರ್ನ್, ಇಪ್ಪತ್ತಕ್ಕೆ ತೆರಿಗೆ ಕಟ್ಟುವ ರಿಟರ್ನ್, ನಡುವೆ ನೋಟಿಸುಗಳಿಗೆ ಉತ್ತರ. ವಾಹನ ಸಾಲ ಕೊಡುವ ಕಂಪನಿಯವರಿಗೆ ಆ ಪ್ರಶ್ನೆ ಯಾಕೋ ಇಷ್ಟವಾಗಲಿಲ್ಲ. ಟಾರ್ಗೆಟ್ ಎಷ್ಟು ಎಂದು ಕೇಳಿ, ಹೇಳುತ್ತೇವೆ ಎಂದರು.

ಕೊನೆಯ ಮೇಜಿನಲ್ಲಿ ಕಲ್ಪನಾ ಎಂಬ ಮೂವತ್ತೈದರ ಹೆಂಗಸು ಒಬ್ಬರೇ ಕೂತಿದ್ದರು. ಬೆಂಗಳೂರಿನ ಒಂದು ಸಣ್ಣ ಫಿನ್‌ಟೆಕ್ ಕಂಪನಿಯವರು. ಸಾಲ ಕೊಡುವುದು ತಾವಲ್ಲ, ತಮ್ಮ ಹಿಂದೆ ಒಂದು ಹಣಕಾಸು ಸಂಸ್ಥೆ ಇದೆ. ಸಣ್ಣ ವ್ಯಾಪಾರಿಗಳ ಜಿಎಸ್‌ಟಿ ರಿಟರ್ನ್, ಬ್ಯಾಂಕ್ ವಿವರ, ಹಳೆಯ ಸಾಲಗಳ ಚರಿತ್ರೆ ಇವನ್ನು ಅವರ ಒಪ್ಪಿಗೆ ಪಡೆದು ತರಿಸಿ, ಕಂಪ್ಯೂಟರಿನಲ್ಲಿ ಅಂಕ ಹಾಕಿ, ಆ ಸಂಸ್ಥೆಗೆ ಶಿಫಾರಸು ಮಾಡುವುದು ತಮ್ಮ ಕೆಲಸ ಎಂದರು.

"ಸೋಮವಾರ ಬೆಳಿಗ್ಗೆ ನಾನು ಮೊದಲು ನೋಡೋದು, ಹೋದ ವಾರ ನಮ್ಮ ಕಂಪ್ಯೂಟರ್ ಎಲ್ಲಿ ತಪ್ಪು ಮಾಡ್ತು ಅಂತ," ಎಂದರು ಕಲ್ಪನಾ.

ಆ ಉತ್ತರ ಅವಳ ತಲೆಯಲ್ಲಿ ಕೂತುಬಿಟ್ಟಿತು. ಆಸಕ್ತಿ ಇದ್ದವರಿಗೆ ಕಲ್ಪನಾ ಒಂದು ಪರೀಕ್ಷೆ ಕೊಡುತ್ತಿದ್ದರು. ಹತ್ತು ಹಳೆಯ ಅರ್ಜಿಗಳು, ಹೆಸರು, ಊರು, ನಂಬರು ಎಲ್ಲ ಅಳಿಸಿದವು. ವ್ಯಾಪಾರ ಯಾವುದು ಎಂಬುದಷ್ಟೇ ಇರುತ್ತದೆ. ಯಾರಿಗೆ ಸಾಲ ಕೊಡಬಹುದು, ಯಾರಿಗೆ ಬೇಡ, ಯಾಕೆ ಎಂದು ಮೂರು ದಿನದಲ್ಲಿ ಬರೆಯಬೇಕು. ಕಂಪ್ಯೂಟರ್ ಕೊಟ್ಟ ಅಂಕ ಪಕ್ಕದಲ್ಲೇ ಇರುತ್ತದೆ, ಒಪ್ಪಬಹುದು, ಒಪ್ಪದೆಯೂ ಇರಬಹುದು. ಓಂಕಾರನೂ ಹೆಸರು ಬರೆಸಿದ.

ಸೋಮವಾರ ಅವಳು ತ್ಯಾವಣಿಗೆಯ ಮನೆಯಲ್ಲಿ, ಅಪ್ಪನ ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಳು. ಏಳು ಅರ್ಜಿಗಳು ಅಷ್ಟೇನೂ ಕಾಡಲಿಲ್ಲ. ಎಂಟನೆಯದನ್ನೂ ಒಂಬತ್ತನೆಯದನ್ನೂ ಬಿಟ್ಟು ಹತ್ತನೆಯದನ್ನು ಮುಗಿಸಿ ಮತ್ತೆ ಹಿಂದಕ್ಕೆ ಬಂದಳು. ಎರಡೂ ಅಡಿಕೆ ವ್ಯಾಪಾರ.

ಎಂಟನೆಯವನಿಗೆ ಕಂಪ್ಯೂಟರ್ ನೂರಕ್ಕೆ ಎಂಬತ್ತೊಂಬತ್ತು ಕೊಟ್ಟಿತ್ತು. ತಿಂಗಳು ತಪ್ಪದೆ ಮಾರಾಟ, ತಿಂಗಳು ತಪ್ಪದೆ ಖರೀದಿ, ರಿಟರ್ನ್ ಒಂದು ದಿನವೂ ತಡವಿಲ್ಲ. ಖರೀದಿಯ ಬಿಲ್ಲುಗಳು ಜಿಎಸ್‌ಟಿ ಪೋರ್ಟಲ್ಲಿನ ದಾಖಲೆಗೆ ಪೈಸೆ ಪೈಸೆ ಹೊಂದುತ್ತಿದ್ದವು. ಒಂಬತ್ತನೆಯವನಿಗೆ ಇಪ್ಪತ್ತಾರು. ವರ್ಷದಲ್ಲಿ ಏಳು ತಿಂಗಳು ಸೊನ್ನೆ ರಿಟರ್ನ್, ಉಳಿದ ಐದು ತಿಂಗಳಲ್ಲಿ ಒಮ್ಮೆಗೇ ದೊಡ್ಡ ಮಾರಾಟ. ಖರೀದಿಯ ಬಿಲ್ಲು ಒಂದೂ ಇಲ್ಲ. ಜುಲೈ, ಆಗಸ್ಟಿನಲ್ಲಿ ಬ್ಯಾಂಕಿನಿಂದ ಕಂತೆ ಕಂತೆ ನಗದು ತೆಗೆದಿದ್ದ. ಕೆಳಗೆ ಕೆಂಪು ಅಕ್ಷರದಲ್ಲಿ ಮೂರು ಎಚ್ಚರಿಕೆ: ವ್ಯವಹಾರ ನಿಂತಿರಬಹುದು, ಖರೀದಿಯೇ ಇಲ್ಲದ ಮಾರಾಟ, ಅನುಮಾನಾಸ್ಪದ ನಗದು.

ಆಫೀಸಿನಲ್ಲಿ ಅವಳು ನೋಡಿದ್ದು ಮಂಡಿ ವರ್ತಕರ ಪುಸ್ತಕಗಳನ್ನು. ಮಂಡಿಗೆ ಬರುವ ಮುಂಚೆ ಅಡಿಕೆಯ ಲೆಕ್ಕ ಎಲ್ಲಿ ಹುಟ್ಟುತ್ತದೆ ಎಂಬುದು ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಊರಿನಲ್ಲೇ ಇದ್ದೂ ಅದನ್ನು ಯಾರನ್ನೂ ಕೇಳಿರಲಿಲ್ಲ ಎಂದು ಅವಳಿಗೆ ಆಗ ಹೊಳೆದು, ಸ್ವಲ್ಪ ನಾಚಿಕೆಯಾಯಿತು.

ಅವಳ ಸೋದರಮಾವ ಮಹೇಶ್ವರಪ್ಪ ಖೇಣಿ ಹಿಡಿಯುವವರು. ತೋಟದ ಫಸಲನ್ನು ಮರದ ಮೇಲಿರುವಾಗಲೇ ಮಾತಾಡಿಕೊಂಡು, ಮುಂಗಡ ಕೊಟ್ಟು, ತಾವೇ ಆಳು ಬಿಟ್ಟು ಕೊಯ್ಯಿಸಿ, ಸುಲಿದು, ಬೇಯಿಸಿ, ಒಣಗಿಸಿ ಮಾರುವ ವ್ಯಾಪಾರ. ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದಳು. ಅರ್ಜಿಯ ಮಾತು ಎತ್ತಲಿಲ್ಲ, ಎತ್ತಲೂ ಬಾರದು. ನಿಮ್ಮ ವ್ಯಾಪಾರದ ಒಂದು ವರ್ಷ ಹೇಗೆ ಸಾಗುತ್ತದೆ, ಮೊದಲಿಂದ ಹೇಳಿ ಎಂದಷ್ಟೇ ಕೇಳಿದಳು.

ಮಹೇಶ್ವರಪ್ಪನವರಿಗೆ ಆಶ್ಚರ್ಯವೂ ಆಯಿತು, ಖುಷಿಯೂ ಆಯಿತು. ಮನೆಯ ಮಕ್ಕಳು ಯಾರೂ ಅದನ್ನು ಕೇಳಿರಲಿಲ್ಲ.

"ಆಷಾಢ ಶ್ರಾವಣದಾಗೆ ನನ್ ಕೈಯಿಂದ ಬರೀ ದುಡ್ಡು ಹೋಗದೇ ಆತದೆ, ಬರಾದು ಅನ್ನದೇ ಇಲ್ಲ," ಎಂದರು ಅವರು. "ತೋಟದೋರಿಗೆ ಮುಂಗಡ ಕೊಡ್ಬೇಕು. ನಮ್ ಕಡೆ ಇನ್ನೂ ಎಷ್ಟೋ ಜನ ನೋಟೇ ಕೇಳ್ತಾರೆ. ಆಮ್ಯಾಲೆ ಕೊಯ್ಲು, ಸುಲಿಯಾಕೆ ಆಳು, ಬೇಯ್ಸಾಕೆ ಸೌದೆ. ಒಣಗಿ ಚೀಲ ಸೇರಿದ್ರೂ ರೇಟು ನೋಡ್ಕಂಡು ಬಿಡದು. ಕಾರ್ತೀಕ ಕಳದ ಮ್ಯಾಲೇನೇ ನಾನು ಬಿಲ್ ಬರ್ಯಾಕೆ ಸುರು ಮಾಡದು."

ಹಾಗಾದರೆ ಖರೀದಿಗೆ ಬಿಲ್ಲು? ಅದನ್ನೂ ಕೇಳಿದಳು. ರೈತ ಯಾವ ಬಿಲ್ ಕೊಡ್ತಾನೆ ತಾಯಿ ಎಂದರು ಮಾವ. ಹಸಿ ಅಡಿಕೆಗೆ ತೆರಿಗೆ ಇಲ್ಲ, ಬೆಳೆದವನಿಗೆ ನೋಂದಣಿಯ ಹಂಗಿಲ್ಲ. ನಾನು ಒಣ ಅಡಿಕೆ ಮಾರುವಾಗ ನೂರಕ್ಕೆ ಐದು ಜಿಎಸ್‌ಟಿ ಹಾಕುತ್ತೇನೆ, ಕೊಂಡವನಿಂದ ಬಂದದ್ದನ್ನು ಪೂರ್ತಿ ಕಟ್ಟುತ್ತೇನೆ, ಖರೀದಿಗೆ ಕೊಟ್ಟ ತೆರಿಗೆ ಎಂದು ಅದರಲ್ಲಿ ಕಳೆಯಲು ನನ್ನ ಹತ್ತಿರ ಏನೂ ಇರುವುದಿಲ್ಲ ಎಂದರು.

ಆ ಕೊನೆಯ ಮಾತಿಗೆ ಮೇಘಶ್ರೀ ಕಾಫಿ ಲೋಟ ಕೆಳಗಿಟ್ಟಳು. ಮಾವನಿಗೆ ಇನ್ನೊಂದೆರಡು ಪ್ರಶ್ನೆ ಕೇಳಿ, ಬೇಗ ಬೇಗ ಮನೆಗೆ ಬಂದು ಒಂಬತ್ತನೆಯ ಅರ್ಜಿಯ ರಿಟರ್ನುಗಳನ್ನು ಮತ್ತೆ ತೆಗೆದಳು. ಹೌದು, ಮಾರಿದ ಐದು ತಿಂಗಳಲ್ಲೂ ಆತ ತೆರಿಗೆಯನ್ನು ಪೂರ್ತಿ ಹಣದಲ್ಲೇ ಕಟ್ಟಿದ್ದ. ಆಗಸ್ಟಿನಿಂದ ಡಿಸೆಂಬರಿನವರೆಗೆ ವಾರ ವಾರ ಸಣ್ಣ ಸಣ್ಣ ಮೊತ್ತ ಹತ್ತಾರು ಜನರ ಖಾತೆಗೆ ಹೋಗಿತ್ತು. ಅದು ಸುಲಿಯುವವರ ಕೂಲಿ. ಬೆಳೆಗಾರನಿಗೆ ನೇರವಾಗಿ ನಗದು ಕೊಟ್ಟರೆ ಆದಾಯ ತೆರಿಗೆಯಲ್ಲೂ ಅದಕ್ಕೆ ವಿನಾಯಿತಿ ಇದೆ ಎಂಬುದು ಅವಳಿಗೆ ಮೊದಲೇ ಗೊತ್ತಿತ್ತು. ಕೆಂಪು ಅಕ್ಷರದ ಮೂರೂ ಎಚ್ಚರಿಕೆಗಳು ಆ ವ್ಯಾಪಾರದ ಸಹಜ ಲಕ್ಷಣಗಳೇ ಆಗಿದ್ದವು.

ಆಮೇಲೆ ಎಂಟನೆಯದನ್ನು ನೋಡಿದಳು. ಈಗ ಅದು ಬೇರೆಯೇ ಆಗಿ ಕಂಡಿತು. ಖರೀದಿ ಬಹುಪಾಲು ಒಬ್ಬನಿಂದಲೇ, ಮಾರಾಟ ಇಬ್ಬರಿಗೇ. ಕಟ್ಟಬೇಕಾದ ತೆರಿಗೆಗೆ ಖರೀದಿಯ ತೆರಿಗೆ ಹೆಚ್ಚುಕಡಿಮೆ ಪೂರ್ತಿ ವಜಾ ಆಗಿ, ಕೈಯಿಂದ ಕಟ್ಟಿದ್ದು ಬಸ್ ಚಾರ್ಜಿನಷ್ಟು. ಬ್ಯಾಂಕಿಗೆ ಬಂದ ಹಣ ಅದೇ ದಿನ ಆಚೆ ಹೋಗುತ್ತಿತ್ತು. ವರ್ಷಕ್ಕೆ ಸಾವಿರಾರು ಚೀಲ ಮಾರಿದವನು ಲಾರಿ ಬಾಡಿಗೆ ಕೊಟ್ಟಿರಲಿಲ್ಲ, ಹಮಾಲಿ ಕೊಟ್ಟಿರಲಿಲ್ಲ, ಖಾಲಿ ಚೀಲ ಕೊಂಡಿರಲಿಲ್ಲ. ಮಂಡಿಯ ಆಡಿಟಿನಲ್ಲಿ ಹಮಾಲಿ ಚೀಟಿಗಳನ್ನು ನೋಡಿ ನೋಡಿ ಅವಳಿಗೆ ಸಾಕಾಗಿತ್ತು. ಇಲ್ಲಿ ಅವೇ ಇರಲಿಲ್ಲ. ಅಡಿಕೆ ಜಾಗ ಬಿಟ್ಟು ಕದಲಿರಲಿಲ್ಲ, ಬಿಲ್ಲು ಮಾತ್ರ ಸುತ್ತುತ್ತಿತ್ತು.

ಎಂಟಕ್ಕೆ ಬೇಡ, ಒಂಬತ್ತಕ್ಕೆ ಕೊಡಬಹುದು ಎಂದು ಬರೆದಳು. ಕಾರಣವನ್ನು ಎರಡು ಪುಟ ಬರೆದಳು.

ಒಂದು ವಾರದ ಮೇಲೆ ಕಲ್ಪನಾ ವಿಡಿಯೊ ಕರೆಯಲ್ಲಿ ಮಾತಾಡಿದರು. ಮೊದಲು ತಪ್ಪನ್ನೇ ಹೇಳಿದರು. ನಾಲ್ಕನೆಯ ಅರ್ಜಿಯ ಹಾರ್ಡ್‌ವೇರ್ ಅಂಗಡಿಗೆ ಮೇಘಶ್ರೀ ಹೂಂ ಎಂದಿದ್ದಳು. ಆತ ಅದಾಗಲೇ ಮೂರು ಕಡೆ ಸಾಲ ಎತ್ತಿದ್ದು ಸಾಲಚರಿತ್ರೆಯ ವರದಿಯಲ್ಲಿತ್ತು, ಅವಳು ಆ ಪುಟ ತೆರೆದೇ ಇರಲಿಲ್ಲ. ಮೇಘಶ್ರೀ ಒಪ್ಪಿಕೊಂಡಳು, ಆಡಿಟಿನಲ್ಲಿ ಆ ವರದಿ ನೋಡುವ ಅಭ್ಯಾಸ ತನಗಿರಲಿಲ್ಲ ಎಂದಳು. ಎಂಟನೆಯವನಿಗೆ ಸಾಲ ಕೊಟ್ಟಿದ್ದರಂತೆ. ನಾಲ್ಕು ಕಂತು ಕಟ್ಟಿ ಆಮೇಲೆ ಫೋನೂ ಎತ್ತಲಿಲ್ಲವಂತೆ. ಪರೀಕ್ಷೆ ಬರೆದವರಲ್ಲಿ ಅದನ್ನು ಹಿಡಿದವರು ಇಬ್ಬರೇ.

"ಒಂಬತ್ತನೇದು ಏನಾಯ್ತು ಮೇಡಂ?" ಎಂದು ಮೇಘಶ್ರೀ ಕೇಳಿದಳು.

"ಅವರಿಗೆ ನಾವು ಕೊಡ್ಲಿಲ್ಲ."

"ಅದು ಗೊತ್ತು. ಆಮೇಲೆ ಅವರು ಏನಾದ್ರು? ವ್ಯಾಪಾರ ನಡೀತಾ, ನಿಂತ್‌ಹೋಯ್ತಾ?"

ಸಾಲ ಕೊಟ್ಟವರ ಕಥೆ ಕಂತು ಕಂತಾಗಿ ಗೊತ್ತಾಗುತ್ತದೆ, ಕೊಡದವರ ಕಥೆ ಗೊತ್ತಾಗುವುದೇ ಇಲ್ಲ ಎಂದರು ಕಲ್ಪನಾ. ಕಂಪ್ಯೂಟರ್ ಕಲಿಯುವುದು ಕೊಟ್ಟವರಿಂದ ಮಾತ್ರ. ಬೇಡ ಎಂದದ್ದು ತಪ್ಪಾಗಿದ್ದರೆ ಅದು ಕಂಪ್ಯೂಟರಿಗೆ ಎಂದೂ ತಿಳಿಯುವುದಿಲ್ಲ.

"ಹಂಗಾದ್ರೆ ಹೋಗಿ ಕೇಳ್ಬಹುದಲ್ಲ ಮೇಡಂ," ಎಂದಳು ಮೇಘಶ್ರೀ. ಹೇಳಿದ ಮೇಲೆ ತಾನು ದುಡುಕಿದೆನೇನೋ ಅನ್ನಿಸಿತು.

ಹತ್ತು ದಿನದ ನಂತರ ಕಂಪನಿಯ ಪತ್ರ ಬಂತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕು ತಾಲ್ಲೂಕುಗಳಲ್ಲಿ ಕಳೆದ ಎರಡು ವರ್ಷದಲ್ಲಿ ಕಂಪನಿ ಬೇಡವೆಂದಿದ್ದ ಸಣ್ಣ ವ್ಯಾಪಾರಿಗಳು ಮೂವತ್ತೊಂದು ಜನ. ಕಂಪನಿಯೇ ಅವರಿಗೆ ಫೋನ್ ಮಾಡಿ ಕೇಳುತ್ತದೆ. ಒಪ್ಪಿದವರನ್ನು ಮೇಘಶ್ರೀ ಹೋಗಿ ಕಾಣಬೇಕು. ಮೂರು ತಿಂಗಳ ಗುತ್ತಿಗೆ, ವಾರಕ್ಕೆ ಮೂರು ದಿನ. ಪೂರ್ತಿ ಕೆಲಸದ ಭರವಸೆ ಏನೂ ಇಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದರು.

ಪಂಚಾಕ್ಷರಪ್ಪನವರಿಗೆ ಹೇಳುವುದೇ ಅವಳಿಗೆ ಕಷ್ಟವಾಗಿತ್ತು. ಅವರು ಪತ್ರವನ್ನು ಎರಡು ಸಲ ಓದಿದರು.

"ಮೂರು ತಿಂಗ್ಳು ಊರೂರು ತಿರುಗಿದ್ರೆ ಓದದು ಯಾವಾಗಮ್ಮ?" ಎಂದು ಕೇಳಿದರು. "ಪಾಸಾಗದೆ ಉಳಿದೋರು ಎಷ್ಟು ಜನ ಅವ್ರೆ ಅಂತ ನಂಗೆ ಗೊತ್ತೈತೆ. ಎಲ್ಲಾರಿಗೂ ಆ ವರ್ಷ ಏನೋ ಒಂದು ಒಳ್ಳೆ ಕೆಲ್ಸ ಸಿಕ್ಕಿತ್ತು."

ಇದನ್ನು ತಿಳಿದುಕೊಳ್ಳದೆ ಪುಸ್ತಕ ಹಿಡಿದರೂ ಮನಸ್ಸು ಅಲ್ಲೇ ಇರುತ್ತದೆ ಸರ್ ಎಂದಳು ಮೇಘಶ್ರೀ. ಪಂಚಾಕ್ಷರಪ್ಪ ತಡೆಯಲಿಲ್ಲ. ಆದರೆ ತಮಗೆ ಕೆಲಸಕ್ಕೆ ಒಬ್ಬರು ಬೇಕೇ ಬೇಕು ಎಂದರು. ಮೇಘಶ್ರೀ ಓಂಕಾರನ ಹೆಸರು ಹೇಳಿದಳು. ಅವನು ಅದೇ ಪರೀಕ್ಷೆಯಲ್ಲಿ ಆರು ಅರ್ಜಿಯಲ್ಲಿ ಎಡವಿದ್ದ. ಆದರೆ ಉತ್ತರದ ಕೊನೆಗೆ ಮೂರು ರಿಟರ್ನುಗಳಲ್ಲಿ ತೆರಿಗೆ ತಪ್ಪು ಶೀರ್ಷಿಕೆಯಡಿ ಹೋಗಿದೆ ಎಂದು ಯಾರೂ ಕೇಳದಿದ್ದರೂ ಪಟ್ಟಿ ಮಾಡಿ ಕಳಿಸಿದ್ದನಂತೆ, ಕಲ್ಪನಾ ಅದನ್ನು ಮಾತಿನ ನಡುವೆ ಹೇಳಿದ್ದರು. ಪಂಚಾಕ್ಷರಪ್ಪ ಅವನನ್ನು ಕರೆಸಿ ಒಂದು ತಿಂಗಳ ಮಟ್ಟಿಗೆ ಇಟ್ಟುಕೊಂಡರು. ಸಾಲದ ಅಂಕಗಳು ತನ್ನ ತಲೆಗೆ ಹತ್ತುವುದಿಲ್ಲ, ತೆರಿಗೆ ಹತ್ತುತ್ತದೆ ಎಂದು ಓಂಕಾರನಿಗೆ ಅಲ್ಲಿ ಗೊತ್ತಾಯಿತು. ಬಿ.ಕಾಂ. ಆದವರು, ಬೇರೆಯವರ ರಿಟರ್ನ್ ಸಲ್ಲಿಸಿಕೊಡುವ ಜಿಎಸ್‌ಟಿ ಪ್ರಾಕ್ಟೀಷನರ್ ಎಂದು ನೋಂದಾಯಿಸಿ ಪರೀಕ್ಷೆ ಬರೆಯಬಹುದು ಎಂಬುದನ್ನು ಪಂಚಾಕ್ಷರಪ್ಪನವರೇ ಅವನಿಗೆ ಹೇಳಿದರು. ಎರಡು ವರ್ಷ ಅಲೆದವನಿಗೆ ಈ ದಾರಿಯನ್ನು ಯಾರೂ ತೋರಿಸಿರಲಿಲ್ಲ.

ಮೂವತ್ತೊಂದರಲ್ಲಿ ಹತ್ತೊಂಬತ್ತು ಜನ ಒಪ್ಪಿದರು. ಮೇಘಶ್ರೀ ಬೆಳಗಿನ ಜಾವ ಎದ್ದು ನಾಲ್ಕು ತಾಸು ಓದಿ, ಆಮೇಲೆ ಬಸ್ಸು ಹಿಡಿಯುತ್ತಿದ್ದಳು. ಹೊನ್ನಾಳಿಯ ಭತ್ತದ ವ್ಯಾಪಾರಿಯೊಬ್ಬರ ಎದುರು ಕೂತು ಹತ್ತು ನಿಮಿಷದಲ್ಲಿ ಕಂಪ್ಯೂಟರ್ ಹೇಳಿದ್ದೇ ಸರಿ ಎಂದು ತಿಳಿದಳು. ಅವರು ಕೊಟ್ಟ ಚೆಕ್ಕುಗಳು ಮೂರು ಸಲ ವಾಪಸ್ಸಾಗಿದ್ದವು, ಈಗಲೂ ಆಗುತ್ತಿದ್ದವು. ನ್ಯಾಮತಿಯಲ್ಲಿ ಇಬ್ಬರು ಖೇಣಿದಾರರು, ಇಬ್ಬರದೂ ಮಾವನ ಕಥೆಯೇ. ಬೇರೆ ಕಡೆ ಹೆಚ್ಚಿನ ಬಡ್ಡಿಗೆ ತಂದು, ಕೊಯ್ಲು ಮುಗಿಸಿ, ತೀರಿಸಿಯೂ ಆಗಿತ್ತು. ಅವರಲ್ಲೊಬ್ಬರು, ನೀವು ಬೇಡ ಅಂದ ದಿನ ನನ್ನ ಮೇಲೆ ಏನೋ ಕೇಸು ಐತೇನೋ ಅಂತ ಹೆದರಿದ್ದೆ ಎಂದರು. ಕಾರಣವನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಜಗಳೂರು ತಾಲ್ಲೂಕಿನ ಸೊಕ್ಕೆಗೆ ಹೋದದ್ದು ಸೆಪ್ಟೆಂಬರಿನಲ್ಲಿ. ಅಲ್ಲಿನ ಪುಷ್ಪಾವತಿ ಎಂಬುವರು ರೈತರಿಂದ ಮೆಕ್ಕೆಜೋಳ ಕೊಂಡು ಕೋಳಿ ಆಹಾರದ ಕಾರ್ಖಾನೆಗೆ ಕಳಿಸುತ್ತಿದ್ದರು. ಅವರಿಗೆ ಬಂದಿದ್ದ ಅಂಕ ಹನ್ನೊಂದು. ಜಿಎಸ್‌ಟಿ ನೋಂದಣಿಯೇ ಇಲ್ಲ ಎಂಬುದು ಕಾರಣ.

ಪುಷ್ಪಾವತಿ ಅಂಗಳದಲ್ಲಿ ಕುರ್ಚಿ ಹಾಕಿಸಿದರು. ಅನುಮಾನದಿಂದಲೇ ಮಾತು ಶುರು ಮಾಡಿದರು.

"ಅವತ್ತು ಕೊಡಲ್ಲ ಅಂದ್ರಿ. ಇವತ್ತು ಯಾಕೆ ಬಂದೀರಿ?"

"ಅವತ್ತು ನಾವು ಹೇಳಿದ್ದು ಸರಿನಾ ತಪ್ಪಾ ಅಂತ ತಿಳ್ಕೊಳ್ಳಾಕೆ ಬಂದೀನಿ ಅಕ್ಕ. ಸಾಲ ಕೊಡಿಸ್ತೀನಿ ಅಂತ ನಾನು ಹೇಳಾಕೆ ಬರಲ್ಲ."

ಪುಷ್ಪಾವತಿ ಒಳಗಿಂದ ನಾಲ್ಕು ವರ್ಷದ ತೂಕದ ಪುಸ್ತಕಗಳನ್ನು ತಂದಿಟ್ಟರು. ಮೆಕ್ಕೆಜೋಳಕ್ಕೆ ತೆರಿಗೆ ಇಲ್ಲ, ಅದೊಂದನ್ನೇ ಮಾರುವವರಿಗೆ ನೋಂದಣಿಯೂ ಬೇಕಿಲ್ಲ. ಆಕೆ ಕಾನೂನು ತಪ್ಪಿರಲಿಲ್ಲ. ಪ್ರತಿ ಲೋಡಿಗೂ ಕಾರ್ಖಾನೆಯ ತೂಕದ ಚೀಟಿ, ಅದರ ಹಿಂದೆ ಬ್ಯಾಂಕಿಗೆ ಬಂದ ತಾರೀಖು. ಮೇಘಶ್ರೀ ಇಪ್ಪತ್ತು ಚೀಟಿಗಳನ್ನು ಅಲ್ಲಲ್ಲಿ ಆರಿಸಿ ಪಾಸ್‌ಬುಕ್ಕಿನ ಜೊತೆ ತಾಳೆ ನೋಡಿದಳು. ಹತ್ತೊಂಬತ್ತು ಸರಿ ಇದ್ದವು. ಒಂದರಲ್ಲಿ ಕಾರ್ಖಾನೆಯವರೇ ಎರಡು ಕ್ವಿಂಟಲ್ ಕಡಿಮೆ ಕೊಟ್ಟಿದ್ದರು, ಪುಷ್ಪಾವತಿಗೆ ಅದು ಗೊತ್ತೇ ಇರಲಿಲ್ಲ.

"ನೋಡ್ರಿ, ಇದನ್ನ ನಾನು ಯಾರಿಗೆ ತೋರಿಸ್ಬೇಕು ಅಂತ್ಲೇ ತಿಳಿದಿರ್ಲಿಲ್ಲ," ಎಂದರು ಪುಷ್ಪಾವತಿ. ಆ ಮೇಲೆ ಅವರ ದನಿ ಮೆತ್ತಗಾಯಿತು. ಊಟ ಮಾಡದೆ ಕಳಿಸಲಿಲ್ಲ.

ಅಕ್ಟೋಬರ್ ಕೊನೆಗೆ ವರದಿ ಮುಗಿಯಿತು. ಹತ್ತೊಂಬತ್ತರಲ್ಲಿ ಹನ್ನೆರಡು ಜನರ ವ್ಯಾಪಾರ ಚೆನ್ನಾಗಿ ನಡೆದಿತ್ತು, ಬೇರೆ ಕಡೆಯ ಸಾಲವನ್ನು ಹೊತ್ತಿಗೆ ತೀರಿಸಿದ್ದರು. ನಾಲ್ಕು ಜನರ ವಿಷಯದಲ್ಲಿ ಕಂಪ್ಯೂಟರ್ ಸರಿಯಾಗಿತ್ತು. ಮೂವರ ಬಗ್ಗೆ ತನಗೆ ತಿಳಿಯಲಿಲ್ಲ ಎಂದೇ ಬರೆದಳು. ಮಾತಾಡಲು ಒಪ್ಪದ ಹನ್ನೆರಡು ಜನರ ಕಥೆ ಕೆಟ್ಟದ್ದೂ ಇರಬಹುದು, ಆದ್ದರಿಂದ ಈ ಲೆಕ್ಕವನ್ನು ಪೂರ್ತಿ ನಂಬಬೇಡಿ ಎಂದೂ ಸೇರಿಸಿದಳು. ಆ ಸಾಲನ್ನು ಓದಿದ್ದಕ್ಕೇ ವರದಿಯ ಮೇಲೆ ನಂಬಿಕೆ ಬಂತು ಎಂದು ಕಲ್ಪನಾ ಆಮೇಲೆ ಹೇಳಿದರು.

ಹಣಕಾಸು ಸಂಸ್ಥೆಯವರು ಎಲ್ಲವನ್ನೂ ಒಪ್ಪಲಿಲ್ಲ. ಖೇಣಿ ವ್ಯಾಪಾರದವರಿಗೆ ವರ್ಷದ ಯಾವ ತಿಂಗಳಲ್ಲಿ ಸೊನ್ನೆ ಇದ್ದರೂ ಅಂಕ ಕಳೆಯಬಾರದು, ಹಣದಲ್ಲಿ ಕಟ್ಟಿದ ತೆರಿಗೆಗೆ ಅಂಕ ಸೇರಿಸಬೇಕು ಎಂಬುದನ್ನು ಒಪ್ಪಿ, ಪ್ರಯೋಗಕ್ಕೆಂದು ಎಂಟು ಜನರಿಗೆ ಸಣ್ಣ ಮೊತ್ತ ಕೊಟ್ಟರು. ಜಿಎಸ್‌ಟಿ ಇಲ್ಲದವರ ವಿಷಯ ಮುಂದಿನ ವರ್ಷಕ್ಕೆ ಹೋಯಿತು. ಪುಷ್ಪಾವತಿಗೆ ಸಾಲ ಸಿಗಲಿಲ್ಲ. ಅದನ್ನು ಮೇಘಶ್ರೀ ಫೋನಿನಲ್ಲಿ ತಾನೇ ಹೇಳಿದಳು, ಕಾರಣವನ್ನೂ ಬಿಡಿಸಿ ಹೇಳಿದಳು. ಪುಷ್ಪಾವತಿ ಬೇಸರಪಟ್ಟುಕೊಂಡರು. ಆದರೆ ಆ ಎರಡು ಕ್ವಿಂಟಲ್ಲಿನ ದುಡ್ಡು ಕಾರ್ಖಾನೆಯಿಂದ ವಸೂಲಾಯಿತು ಎಂದು ತಿಳಿಸಿದರು.

ಜನವರಿಯಲ್ಲಿ ಅವಳು ಎರಡೂ ಗುಂಪಿನ ಪರೀಕ್ಷೆ ಬರೆದಳು. ಒಂದು ಗುಂಪು ಪಾಸಾಯಿತು, ಇನ್ನೊಂದು ಹನ್ನೆರಡು ಅಂಕಕ್ಕೆ ತಪ್ಪಿತು. ಫಲಿತಾಂಶದ ದಿನ ಸಂಜೆ ಪಂಚಾಕ್ಷರಪ್ಪನವರ ಆಫೀಸಿಗೆ ಹೋಗಿ, ನೀವು ಹೇಳಿದ್ದೇ ಆಯಿತು ಸರ್ ಎಂದಳು. ಅವರು ಬೈಯಲಿಲ್ಲ. ಯಾವ ವಿಷಯದಲ್ಲಿ ಎಷ್ಟು ಎಂದು ಕೇಳಿ, ಅಂಕಪಟ್ಟಿ ನೋಡಿ, ಆಡಿಟ್ ಪತ್ರಿಕೆಯಲ್ಲಿ ಎಪ್ಪತ್ತೊಂದು ಬಂದಿರುವುದನ್ನು ಬೆರಳಿಟ್ಟು ತೋರಿಸಿದರು.

"ಇದು ಓದಿ ಬಂದದ್ದಲ್ಲ, ತಿರುಗಿ ಬಂದದ್ದು," ಎಂದರು. "ಇನ್ನೊಂದು ಗುಂಪು ಮಾತ್ರ ಓದೇ ಬರ್ಬೇಕು."

ಕಂಪನಿ ಏಪ್ರಿಲ್‌ನಿಂದ ಅವಳನ್ನು ಪೂರ್ತಿ ಕೆಲಸಕ್ಕೆ ಕರೆದಿತ್ತು. ಪರೀಕ್ಷೆಗೆ ಮುಂಚೆ ಎರಡು ತಿಂಗಳು ರಜೆ ಬೇಕು, ತಿಂಗಳಲ್ಲಿ ಹತ್ತು ದಿನ ಈ ತಾಲ್ಲೂಕುಗಳಲ್ಲೇ ಇರಬೇಕು ಎಂದು ಅವಳು ಕೇಳಿದಳು. ರಜೆ ಒಂದೂವರೆ ತಿಂಗಳಿಗೆ ಇಳಿಯಿತು, ಹತ್ತು ದಿನ ಹಾಗೇ ಉಳಿಯಿತು. ಅವಳು ಒಪ್ಪಿಕೊಂಡಳು. ಪ್ರಯೋಗದ ಎಂಟು ಜನರಲ್ಲಿ ಏಳು ಜನ ಆ ಹೊತ್ತಿಗೆ ಕಂತುಗಳನ್ನು ಸರಿಯಾಗಿ ಕಟ್ಟುತ್ತಿದ್ದರು. ಉಳಿದ ಒಬ್ಬರು ನ್ಯಾಮತಿಯವರು, ಯಾಕೆ ತಡ ಮಾಡುತ್ತಿದ್ದಾರೆ ಎಂದು ಯಾರಿಗೂ ತಿಳಿದಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ಸೋಮವಾರ ಮೇಘಶ್ರೀ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ನ್ಯಾಮತಿಯ ಬಸ್ಸು ಹತ್ತಿದಳು.